ಆ ‘ಬೇಕು’ ಯಾರದು?

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆಂದು ದಿನವೂ ಸಂಪಾದಕೀಯ ಓದುತ್ತೇನೆ. ವಾದ ಯಾವುದು, ಆಧಾರ ಯಾವುದು, ಬರೆದವರ ನಿಲುವೇನು ಎಂದು ಯಾರಾದರೂ ಕೇಳಿದರೆ ಓದಿದ್ದನ್ನೇ ಚಿಕ್ಕದಾಗಿ ಒಪ್ಪಿಸಿಬಿಡುತ್ತೇನೆ. ಇವನ್ನು ಬೇರೆ ಬೇರೆ ಮಾಡುವುದು ಹೇಗೆ?

ಕೆಲವು ವರ್ಷ ದಿನಪತ್ರಿಕೆಯೊಂದರ ಸಂಪಾದಕೀಯ ಪುಟದಲ್ಲಿ ಕೆಲಸ ಮಾಡಿದ್ದೇನೆ. ಅಡುಗೆಮನೆಯ ಒಳಗಿನಿಂದ ನೋಡಿದವನ ಉತ್ತರ ಎಂದುಕೊಳ್ಳಿ. ಅಭ್ಯಾಸಕ್ಕಾಗಿ ನಾನೇ ಒಂದು ಪುಟ್ಟ ಸಂಪಾದಕೀಯ ಬರೆಯುತ್ತೇನೆ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಮಗುವೊಂದು ಕೊಳವೆಬಾವಿಗೆ ಬಿದ್ದು ಬದುಕಿ ಬಂದದ್ದು ನಿಮಗೆ ನೆನಪಿರಬಹುದು. ಮರುದಿನದ ಪತ್ರಿಕೆಗೆ ಬರೆಯುವುದಾಗಿದ್ದರೆ ನಾನು ಹೀಗೆ ಬರೆಯುತ್ತಿದ್ದೆ:

“ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದಿದ್ದ ಮಗುವನ್ನು ಸುಮಾರು 20 ಗಂಟೆಗಳ ಕಾರ್ಯಾಚರಣೆಯ ನಂತರ ಜೀವಂತವಾಗಿ ಹೊರತೆಗೆದಿರುವುದು ಸಮಾಧಾನದ ಸಂಗತಿ. ರಕ್ಷಣಾ ಸಿಬ್ಬಂದಿಯ ಶ್ರಮ ಶ್ಲಾಘನೀಯ. ಆದರೆ ಬಾವಿಯ ಬಾಯಿ ತೆರೆದೇ ಇದ್ದದ್ದು ಏಕೆ? ಕೊಳವೆಬಾವಿ ಕೊರೆಸುವ 15 ದಿನ ಮೊದಲು ಆಡಳಿತಕ್ಕೆ ಲಿಖಿತವಾಗಿ ತಿಳಿಸಬೇಕು, ಕೈಬಿಟ್ಟ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲುಗಳಿಂದ ಮುಚ್ಚಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಈ ಸೂಚನೆ ಕಡತಗಳಲ್ಲಷ್ಟೇ ಉಳಿದಿದೆ. ನೀರು ಸಿಗದೆ ಕೈಸುಟ್ಟುಕೊಂಡ ರೈತನಿಗೆ ಬಾವಿ ಮುಚ್ಚುವ ಖರ್ಚೂ ಹೊರೆಯೇ, ನಿಜ. ಆದರೂ ಅದು ಮಗುವಿನ ಜೀವಕ್ಕಿಂತ ದೊಡ್ಡದಲ್ಲ. ಬಾವಿ ಕೊರೆದ ಏಜೆನ್ಸಿಯೇ ಅದನ್ನು ಮುಚ್ಚಿ ಹೋಗುವಂತೆ ನಿಯಮ ರೂಪಿಸಿ, ತಪ್ಪಿದವರ ನೋಂದಣಿ ರದ್ದುಪಡಿಸಬೇಕು.”

ಮೊದಲು ವಾದ. ನನಗೆ ಸಿಕ್ಕ ಹೊಸಬರಲ್ಲಿ ಬಹುತೇಕರು ಮೊದಲ ವಾಕ್ಯಕ್ಕೇ ಗೆರೆ ಎಳೆಯುತ್ತಿದ್ದರು. ಅದು ಸುದ್ದಿ. ಸಂಪಾದಕೀಯದ ಮೊದಲ ಸಾಲುಗಳು ಹೆಚ್ಚಾಗಿ ನಿನ್ನೆಯ ಪತ್ರಿಕೆ ಓದದವರಿಗಾಗಿ ಇರುತ್ತವೆ. ವಾದವನ್ನು ಹುಡುಕಬೇಕಾದದ್ದು ಕ್ರಿಯಾಪದಗಳಲ್ಲಿ. ‘ಬೇಕು’, ‘ಕೂಡದು’, ‘ಸಲ್ಲದು’, ‘ಅನಿವಾರ್ಯ’ ಎಲ್ಲೆಲ್ಲಿವೆ ನೋಡಿ. ನಮ್ಮ ಬರಹದಲ್ಲಿ ‘ಬೇಕು’ ಮೂರು ಸಲ ಬಂದಿದೆ. ಈಗ ಪ್ರತಿಯೊಂದಕ್ಕೂ ಇದು ಯಾರ ಮಾತು ಎಂದು ಕೇಳಿ. ‘ತಿಳಿಸಬೇಕು’, ‘ಮುಚ್ಚಬೇಕು’ ಎರಡೂ ‘ಎಂದು’ ಎಂಬ ಬೇಲಿಯ ಒಳಗಿವೆ. ಅವು ಕೋರ್ಟಿನ ಮಾತು. ಬೇಲಿಯ ಹೊರಗೆ ನಿಂತಿರುವುದು ‘ರದ್ದುಪಡಿಸಬೇಕು’ ಒಂದೇ, ಅದು ಪತ್ರಿಕೆಯದು. ಹಾಗಾಗಿ ವಾದ ‘ತೆರೆದ ಬಾವಿ ಅಪಾಯಕಾರಿ’ ಎಂಬುದಲ್ಲ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಮುಚ್ಚುವ ಹೊಣೆ ಕೊರೆಯುವ ಏಜೆನ್ಸಿಯ ಮೇಲಿರಬೇಕು ಎಂಬುದು ವಾದ. ಯಾರಾದರೂ ಎದುರು ಮಾತನಾಡಲು ಸಾಧ್ಯವಿಲ್ಲದ ವಾಕ್ಯವನ್ನು ನೀವು ‘ವಾದ’ ಎಂದು ಬರೆದುಕೊಂಡಿದ್ದರೆ ತಪ್ಪು ಜಾಗದಲ್ಲಿ ಗೆರೆ ಎಳೆದಿದ್ದೀರಿ. ಪ್ರಶ್ನಾರ್ಥಕ ಚಿಹ್ನೆಗೂ ಮೋಸಹೋಗಬೇಡಿ. ‘ತೆರೆದೇ ಇದ್ದದ್ದು ಏಕೆ?’ ಎಂಬುದಕ್ಕೆ ನಾನು ಉತ್ತರ ಕೇಳುತ್ತಿಲ್ಲ, ಯಾರೋ ತಪ್ಪು ಮಾಡಿದ್ದಾರೆ ಎನ್ನುತ್ತಿದ್ದೇನೆ.

ಇನ್ನು ಆಧಾರ. ಇಲ್ಲಿ ಒಂದು ಸರಳ ಪರೀಕ್ಷೆ ಇದೆ. ವಾದದ ಮುಂದೆ ‘ಏಕೆಂದರೆ’ ಸೇರಿಸಿ, ಆಮೇಲೆ ಒಂದೊಂದೇ ವಾಕ್ಯವನ್ನು ಜೋಡಿಸಿ ಓದಿ. ‘ಏಜೆನ್ಸಿಯೇ ಬಾವಿ ಮುಚ್ಚಬೇಕು, ಏಕೆಂದರೆ ಕಾರ್ಯಾಚರಣೆ 20 ಗಂಟೆ ನಡೆಯಿತು’ ಎಂದರೆ ಅಂಟುವುದಿಲ್ಲ. 20 ಗಂಟೆ ಮನಸ್ಸಿಗೆ ತಟ್ಟುವ ಸಂಖ್ಯೆ, ಆದರೆ ಈ ವಾದಕ್ಕೆ ಆಧಾರವಲ್ಲ. ಸಂಖ್ಯೆ ಕಂಡಲ್ಲೆಲ್ಲ ‘ಆಧಾರ’ ಎಂದು ಗುರುತು ಹಾಕುವವರು ಎಡವುವುದು ಇಲ್ಲೇ. ‘ಏಕೆಂದರೆ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ’ ಅರ್ಧ ಅಂಟುತ್ತದೆ. ಬಾವಿ ಮುಚ್ಚಲೇಬೇಕು ಎಂಬುದಕ್ಕೆ ಅದು ಗಟ್ಟಿ ಆಧಾರ, ಬೇಕೆಂದರೆ ಆದೇಶ ತೆಗೆದು ನೋಡಬಹುದು. ಏಜೆನ್ಸಿಯೇ ಏಕೆ ಎಂಬುದಕ್ಕೆ ನಾನು ಉಲ್ಲೇಖಿಸಿದ ಸಾಲುಗಳಲ್ಲಿ ಉತ್ತರವಿಲ್ಲ. ‘ಸೂಚನೆ ಕಡತಗಳಲ್ಲಷ್ಟೇ ಉಳಿದಿದೆ’ ಎಂಬುದಂತೂ ಆಧಾರದ ವೇಷ ತೊಟ್ಟ ಇನ್ನೊಂದು ಹೇಳಿಕೆ. ಎಷ್ಟು ಬಾವಿಗಳ ತಪಾಸಣೆ ನಡೆಯಿತು, ಎಷ್ಟು ಮುಚ್ಚಿಸಿದರು ಎಂಬ ಲೆಕ್ಕವನ್ನು ನಾನು ಕೊಟ್ಟಿಲ್ಲ.

ಹಾಗಾದರೆ ನಿಜವಾದ ಆಧಾರ ಎಲ್ಲಿದೆ? ರೈತನ ವಾಕ್ಯದಲ್ಲಿ. ‘ಏಜೆನ್ಸಿಯೇ ಮುಚ್ಚಬೇಕು, ಏಕೆಂದರೆ ಕೈಸುಟ್ಟುಕೊಂಡ ರೈತನಿಗೆ ಆ ಖರ್ಚು ಹೊರೆ’ ಎಂದು ಓದಿ. ಚೆನ್ನಾಗಿ ಕೂಡುತ್ತದೆ. ‘ನಿಜ’ ಎಂದು ಒಪ್ಪಿಕೊಳ್ಳುವ ಧಾಟಿಯಲ್ಲಿ ಬಂದದ್ದರಿಂದ ಅದು ಎದುರು ಪಕ್ಷಕ್ಕೆ ಕೊಟ್ಟ ರಿಯಾಯಿತಿಯಂತೆ ಕಾಣುತ್ತದೆ, ಕೆಲಸ ಮಾತ್ರ ವಾದದ ಪರವಾಗಿಯೇ ಮಾಡುತ್ತಿದೆ. ‘ಹೌದು’, ‘ನಿಜ’, ‘ಅಲ್ಲಗಳೆಯಲಾಗದು’ ಎಂಬ ವಾಕ್ಯಗಳನ್ನು ಹಾರಿಸಿ ‘ಆದರೆ’ಗೆ ಜಿಗಿಯಬೇಡಿ ಎನ್ನುವುದು ಇದಕ್ಕೇ.

ನಿಲುವು ಸಿಗುವುದು ಸಣ್ಣ ಅಕ್ಷರಗಳಲ್ಲಿ. ‘2010ರಲ್ಲಿ ಹೇಳಿದೆ’ ಎಂದರೆ ಮಾಹಿತಿ, ‘2010ರಲ್ಲೇ ಹೇಳಿದೆ’ ಎಂದರೆ ಸಿಟ್ಟು. ‘ಖರ್ಚು ಹೊರೆ’ ಎಂಬುದಕ್ಕೂ ‘ಖರ್ಚೂ ಹೊರೆಯೇ’ ಎಂಬುದಕ್ಕೂ ನಡುವೆ ಇರುವುದು ಮರುಕ. ಪೆನ್ಸಿಲ್‌ನಿಂದ ಈ ‘ಏ’, ‘ಊ’, ‘ಅಷ್ಟೇ’ಗಳನ್ನು ಹೊಡೆದುಹಾಕಿ ಓದಿದರೆ ಪತ್ರಿಕೆಯ ದನಿ ಎಲ್ಲಿ ಏರಿತ್ತು ಎಂಬುದು ಕೂಡಲೇ ಗೊತ್ತಾಗುತ್ತದೆ.

ಆಮೇಲೆ ಕರ್ತೃಪದ ಹುಡುಕಿ. ಕಡತದಲ್ಲಿ ‘ಉಳಿದಿದೆ’ ಎಂದೆ. ಉಳಿಸಿದವರು ಯಾರು? ‘ನಿಯಮ ರೂಪಿಸಿ’ ಎಂದೆ. ಯಾರು? ಕನ್ನಡದಲ್ಲಿ ಕರ್ತೃವನ್ನು ಬಿಟ್ಟರೂ ವಾಕ್ಯ ಕುಂಟುವುದಿಲ್ಲ, ಆದ್ದರಿಂದ ಅಡಗಿಸುವುದು ಬಲು ಸುಲಭ. ಈ ಬರಹದಲ್ಲಿ ರೈತನ ಬಗ್ಗೆ ಕನಿಕರವಿದೆ, ಏಜೆನ್ಸಿಯ ಮೇಲೆ ಬಿಗಿ ಇದೆ, ಜಿಲ್ಲಾಡಳಿತವನ್ನಾಗಲಿ ಸರ್ಕಾರವನ್ನಾಗಲಿ ಒಮ್ಮೆಯೂ ಹೆಸರು ಹಿಡಿದು ದೂರಿಲ್ಲ. ಇದೂ ನಿಲುವೇ. ಮೇಲೆ ಬರೆಯುವಾಗ ನನಗೇ ಇದು ಗೊತ್ತಾಗಿರಲಿಲ್ಲ, ಹಳೆಯ ಅಭ್ಯಾಸ ಕೈಯಲ್ಲಿ ಉಳಿದುಬಿಟ್ಟಿದೆ. ಅಂದ ಹಾಗೆ, ಸಂಪಾದಕೀಯಕ್ಕೆ ಸಾಮಾನ್ಯವಾಗಿ ಲೇಖಕರ ಹೆಸರು ಇರುವುದಿಲ್ಲ. ಪಕ್ಕದ ಅಂಕಣದಲ್ಲಿ ಮಾತನಾಡುವವರು ಒಬ್ಬ ವ್ಯಕ್ತಿ, ಇಲ್ಲಿ ಮಾತನಾಡುವುದು ಪತ್ರಿಕೆ. ಉತ್ತರ ಬರೆಯುವಾಗಲೂ ‘ಪತ್ರಿಕೆಯ ನಿಲುವು’ ಎಂದೇ ಬರೆಯಿರಿ.

ನಾಮಪದಗಳ ಮೇಲೂ ಒಂದು ಕಣ್ಣಿಡಿ. ಮಲೆನಾಡಿನ ಅದೇ ಎರಡು ಎಕರೆಯನ್ನು ಒಂದು ಪತ್ರಿಕೆ ‘ಅರಣ್ಯ ಒತ್ತುವರಿ’ ಎನ್ನಬಹುದು, ಇನ್ನೊಂದು ‘ಬಗರ್ ಹುಕುಂ ಸಾಗುವಳಿ’ ಎನ್ನಬಹುದು. ಮೊದಲನೆಯದನ್ನು ಓದಿದವನಿಗೆ ಕಾಡು ಕಾಣುತ್ತದೆ, ಎರಡನೆಯದನ್ನು ಓದಿದವನಿಗೆ ಉಳುವವನು ಕಾಣುತ್ತಾನೆ. ವಾದ ಶುರುವಾಗುವ ಮೊದಲೇ ನಿಲುವು ಬಂದು ಕೂತಿರುತ್ತದೆ. ‘ಎನ್ನಲಾಗಿದೆ’, ‘ಎಂಬ ಆರೋಪವಿದೆ’ ಎಂದು ಬಂದಲ್ಲಿ ಪತ್ರಿಕೆ ಆ ಮಾತಿಗೆ ಜಾಮೀನು ನಿಲ್ಲುತ್ತಿಲ್ಲ, ಅದನ್ನು ಆಧಾರದ ಪಟ್ಟಿಗೆ ಸೇರಿಸುವಾಗ ಹಾಗೆಂದೇ ಗುರುತು ಹಾಕಿಕೊಳ್ಳಿ.

ಇಷ್ಟೆಲ್ಲ ಮಾಡಿದರೂ ಕೆಲವು ದಿನ ವಾದ ಸಿಗುವುದಿಲ್ಲ. ‘ಸಂಬಂಧಪಟ್ಟವರು ಇನ್ನಾದರೂ ಇತ್ತ ಗಮನ ಹರಿಸಬೇಕು’ ಎಂಬಲ್ಲಿಗೆ ಬರಹ ಮುಗಿದಿದ್ದರೆ ತಪ್ಪು ನಿಮ್ಮದಲ್ಲ. ಅಲ್ಲಿ ‘ಬೇಕು’ ಇದೆ, ಯಾರು, ಏನು ಮಾಡಬೇಕು ಎಂಬುದಿಲ್ಲ. ಪುಟ ಮುಗಿಸುವ ಹೊತ್ತಾಗಿ, ಇನ್ನೂ ನಾಲ್ಕು ಸಾಲಿನ ಜಾಗ ಖಾಲಿ ಉಳಿದಾಗ ನಾನೇ ಅಂಥ ವಾಕ್ಯಗಳನ್ನು ಬೇಕಾದಷ್ಟು ಬರೆದಿದ್ದೇನೆ.