ಅನುವಾದದಲ್ಲಿ ಒಡೆಯುವ ಎಮೋಜಿ

ಚಾಟ್ ಮೆಸೇಜನ್ನು ಯಂತ್ರ ಬೇರೆ ಭಾಷೆಗೆ ಅನುವಾದ ಮಾಡಿದಾಗ ಅದರಲ್ಲಿರುವ ಎಮೋಜಿ ಏನಾಗುತ್ತದೆ?

ಸಾಮಾನ್ಯವಾಗಿ ಇದ್ದ ಹಾಗೆಯೇ ನಕಲಾಗುತ್ತದೆ, ವಾಕ್ಯದೊಳಗಿನ ಜಾಗ ಮಾತ್ರ ಬದಲಾಗಬಹುದು. ಕಂಪ್ಯೂಟರಿಗೆ ಅದು ಚಿತ್ರವಲ್ಲ, ‘ಕ’ದಂತೆಯೇ ಯೂನಿಕೋಡ್ ಸಂಖ್ಯೆ ಇರುವ ಅಕ್ಷರ. ಅನುವಾದಕ ತಂತ್ರಾಂಶದ ಅಕ್ಷರಪಟ್ಟಿಯಲ್ಲಿ ಅದು ಇಲ್ಲದಿದ್ದರೆ ಬಿಟ್ಟುಹೋಗುವುದೂ ಉಂಟು.

ನಿಜವಾದ ತೊಂದರೆ ಜೋಡಿಸಿ ಮಾಡಿದ ಎಮೋಜಿಗಳಲ್ಲಿ. ರೈತ ಮಹಿಳೆಯ 👩‍🌾 ಒಂದೇ ಅಕ್ಷರವಲ್ಲ. 👩 ಮತ್ತು 🌾 ನಡುವೆ U+200D ಎಂಬ, ಕಣ್ಣಿಗೆ ಕಾಣದ ಬೆಸುಗೆ ಇದೆ. ಅನುವಾದಕ್ಕೆ ಮುಂಚೆ ಪಠ್ಯವನ್ನು ಶುಚಿ ಮಾಡುವಾಗ ಕೆಲವು ವ್ಯವಸ್ಥೆಗಳು ಇಂಥ ಕಾಣದ ಅಕ್ಷರಗಳನ್ನು ಕಿತ್ತುಹಾಕುತ್ತವೆ. ಆಗ “ನಮ್ಮಕ್ಕ 👩‍🌾” ಎಂದು ಕಳಿಸಿದ್ದು ಆಚೆಯವರಿಗೆ 👩🌾 ಎಂದು, ಹೆಂಗಸು ಬೇರೆ ತೆನೆ ಬೇರೆಯಾಗಿ ತಲುಪುತ್ತದೆ.

ಕನ್ನಡದಲ್ಲಿ ಇದನ್ನು ಪತ್ತೆಹಚ್ಚುವುದು ಸುಲಭ. ‘ರ‍್ಯಾಂಕ್’ ಬರೆಯುವಾಗ ‘ರ’ ಅರ್ಕಾವೊತ್ತಾಗದಂತೆ ತಡೆಯುವುದೂ ಇದೇ U+200D. ಕನ್ನಡಕ್ಕೆ ಬಂದ ಅನುವಾದದಲ್ಲಿ ಎಮೋಜಿ ಒಡೆದಿದ್ದು, ಜೊತೆಗೆ ಆ ಪದವೂ ‘ರ್ಯಾಂಕ್’ ಆಗಿದ್ದರೆ, ಬೆಸುಗೆಯನ್ನು ಅಳಿಸುವ ಹಂತ ಎಲ್ಲೋ ಇದೆ ಎಂದು ಬಲವಾಗಿ ಅನುಮಾನಿಸಬಹುದು.