ಸುನ್ನತಿಯಿಂದ ಸುಖ ಕುಗ್ಗುತ್ತದೆಯೇ?

ಪ್ರಶ್ನೆ: ನನಗೆ 31 ವರ್ಷ, ಮದುವೆಯಾಗಿ ಐದು ತಿಂಗಳಾಗಿದೆ. ನಿಮಿರಿದಾಗ ಮುಂದೊಗಲು ಹಿಂದೆ ಸರಿಯದೆ ನೋವಾಗುತ್ತದೆ. ವೈದ್ಯರು ಸುನ್ನತಿ ಮಾಡಿಸಿಕೊಳ್ಳಿ ಎಂದಿದ್ದಾರೆ. ಅದರಿಂದ ಸ್ಪರ್ಶಸುಖ ಹೋಗುತ್ತದೆ ಎಂದು ಒಬ್ಬ ಸ್ನೇಹಿತ, ಹೆಚ್ಚು ಹೊತ್ತು ತಡೆದುಕೊಳ್ಳಬಹುದು ಎಂದು ಇನ್ನೊಬ್ಬ ಹೇಳುತ್ತಾನೆ. ಯಾವುದು ನಿಜ?

ಉತ್ತರ: ನಿಮ್ಮ ಸ್ನೇಹಿತರಿಬ್ಬರ ಮಾತಿಗೂ ಆಧಾರ ಒಂದೇ ಊಹೆ: ಹೊದಿಕೆ ಕಳೆದುಕೊಂಡ ಶಿಶ್ನದ ತುದಿ ಬಟ್ಟೆಗೆ ಉಜ್ಜಿ ಮೊಂಡಾಗುತ್ತದೆ ಎಂಬುದು. ಕೆನಡಾದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 62 ಪುರುಷರ ಸ್ಪರ್ಶ, ಶಾಖ ಮತ್ತು ನೋವಿನ ಅರಿವನ್ನು ನೇರವಾಗಿ ಅಳೆದಾಗ, ಶೈಶವದಲ್ಲಿ ಸುನ್ನತಿಯಾದವರಿಗೂ ಆಗದವರಿಗೂ ತುದಿಯ ಸಂವೇದನೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಮುಂದೊಗಲು ನವಿರಾದ ಸ್ಪರ್ಶವನ್ನು ಚೆನ್ನಾಗಿ ಗ್ರಹಿಸುವ ಭಾಗ. ಅದನ್ನು ತೆಗೆದರೆ ಆ ಸ್ಪರ್ಶವೂ ಹೋಗುತ್ತದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಆ ನಷ್ಟ ಸಂಭೋಗದಲ್ಲಿ ಅನುಭವಕ್ಕೆ ಬರುತ್ತದೆಯೇ ಎಂಬುದಕ್ಕೆ ಕೀನ್ಯಾದ ಕಿಸುಮುವಿನಲ್ಲಿ ನಡೆದ ಪ್ರಯೋಗ ಹೆಚ್ಚು ಉಪಯುಕ್ತ. ಎಚ್‌ಐವಿ ತಡೆಗಾಗಿ ಕೈಗೊಂಡ ಅದರಲ್ಲಿ 2,784 ಯುವಕರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಮೊದಲು ಸುನ್ನತಿ ಮಾಡಲಾಯಿತು. ಎರಡು ವರ್ಷಗಳ ಕಾಲ ವಿಚಾರಿಸಿದಾಗ ನಿಮಿರುವಿಕೆ, ಸ್ಖಲನ, ತೃಪ್ತಿಗಳಲ್ಲಿ ಗುಂಪುಗಳ ನಡುವೆ ಗಣನೀಯ ಅಂತರ ಸಿಗಲಿಲ್ಲ. ಇದು ಅವರವರೇ ಹೇಳಿಕೊಂಡ ಮಾತು, ಭಾಗವಹಿಸಿದವರು ತಾವಾಗಿಯೇ ಒಪ್ಪಿ ಬಂದ ಆರೋಗ್ಯವಂತರು ಎಂಬ ಮಿತಿಗಳಿವೆ. ಡೆನ್ಮಾರ್ಕ್‌ನ ಒಂದು ಸಮೀಕ್ಷೆಯಲ್ಲಿ ಸುನ್ನತಿಯಾದವರಲ್ಲಿ ಸುಖದ ತುದಿ ಮುಟ್ಟಲು ಕಷ್ಟಪಡುವವರು ಹೆಚ್ಚು ಕಂಡರಾದರೂ, ಅದರಲ್ಲಿ ಸುನ್ನತಿಯಾದವರ ಸಂಖ್ಯೆಯೇ ಕಡಿಮೆಯಿತ್ತು.

ಹೆಚ್ಚು ಹೊತ್ತಿನ ಆಸೆಯನ್ನಂತೂ ಬಿಟ್ಟುಬಿಡಿ. ಐದು ದೇಶಗಳ ಸುಮಾರು 500 ಜೋಡಿಗಳು ಸ್ಟಾಪ್‌ವಾಚ್ ಹಿಡಿದು ಅಳೆದುಕೊಟ್ಟ 2005ರ ಅಧ್ಯಯನದಲ್ಲಿ, ಟರ್ಕಿಯನ್ನು ಬಿಟ್ಟು ನೋಡಿದರೆ, ಸುನ್ನತಿಯಾದವರ ಮಧ್ಯಮ ಅವಧಿ 6.7 ನಿಮಿಷ, ಆಗದವರದು 6 ನಿಮಿಷ. ಅದನ್ನು ನಿಜವಾದ ವ್ಯತ್ಯಾಸವೆಂದು ಹೇಳುವಂತಿರಲಿಲ್ಲ. ಬಹುತೇಕ ಎಲ್ಲರಿಗೂ ಸುನ್ನತಿಯಾಗಿದ್ದ ಟರ್ಕಿಯಲ್ಲೇ ಅವಧಿ ಎಲ್ಲಕ್ಕಿಂತ ಕಡಿಮೆ, 3.7 ನಿಮಿಷ.

ಶುಚಿತ್ವದ ವಿಷಯ ಸರಳವಾಗಿದೆ. ಮುಂದೊಗಲು ಸರಿಯುವವರು ದಿನಕ್ಕೊಮ್ಮೆ ನೀರಿನಿಂದ ತೊಳೆದುಕೊಂಡರೆ ಸಾಕು. ನಿಮಗೆ ಅದು ಸರಿಯದಿರುವುದರಿಂದ ಒಳಗೆ ಬಿಳಿ ಕೊಳೆ ಕೂಡಿ ಉರಿಯೂತವಾಗಬಹುದು. ಹಾಗೆಂದು ಬಲವಂತವಾಗಿ ಎಳೆಯಬೇಡಿ. ಹಿಂದೆ ಸರಿದ ಬಿಗಿ ತೊಗಲು ಮತ್ತೆ ಮುಂದೆ ಬಾರದೆ ತುದಿ ಊದಿಕೊಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕಾಗುತ್ತದೆ.

ನಿಮ್ಮ ತೀರ್ಮಾನ ತೊಗಲಿನ ಸ್ಥಿತಿಯನ್ನು ಅವಲಂಬಿಸಿರಲಿ. ತೊಗಲು ಮೃದುವಾಗಿದ್ದು ಬಿಗಿ ಮಾತ್ರವಿದ್ದರೆ, ವೈದ್ಯರ ಸಲಹೆಯಂತೆ ಸ್ಟೀರಾಯ್ಡ್ ಮುಲಾಮನ್ನು ನಾಲ್ಕರಿಂದ ಎಂಟು ವಾರ ಹಚ್ಚಿ, ನೋವಾಗದಷ್ಟೇ ಹಿಗ್ಗಿಸಿ ನೋಡಬಹುದು. ಅಂಚು ಬೆಳ್ಳಗೆ ಗಟ್ಟಿಯಾಗಿ ಕಲೆಗಟ್ಟಿದ್ದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಮೇಲಿಂದ ಮೇಲೆ ಸೀಳು ಬಿಡುತ್ತಿದ್ದರೆ ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಿ. ಮಧುಮೇಹ ಮೊದಲು ಗೊತ್ತಾಗುವುದು ಕೆಲವೊಮ್ಮೆ ಹೀಗೆಯೇ. ಶಸ್ತ್ರಚಿಕಿತ್ಸೆಯಾದರೆ ಸುಮಾರು ಆರು ವಾರ ಸಂಭೋಗ ಬೇಡ. ಆರಂಭದಲ್ಲಿ ತೆರೆದ ತುದಿಗೆ ಬಟ್ಟೆ ತಾಕಿದರೂ ಕಿರಿಕಿರಿಯಾಗುವುದು ಸಹಜ, ಕೆಲವು ವಾರಗಳಲ್ಲಿ ಅದು ತಗ್ಗುತ್ತದೆ.