ಬೆಡ್ ನಂಬರ್ ಬಿಟ್ಟುಬಿಡಿ, ಆ್ಯಪ್ ವಿಷಯ ಆಮೇಲೆ

ಪ್ರಶ್ನೆ: ಬೆಂಗಳೂರಿನಲ್ಲಿ ಮೆಡಿಸಿನ್ ಪಿಜಿ ಮಾಡ್ತಿದ್ದೀನಿ. ನಮ್ಮ ಯೂನಿಟ್‌ನ ವಾಟ್ಸಾಪ್ ಗ್ರೂಪ್‌ನಲ್ಲಿ ಪೇಷೆಂಟ್ ಹೆಸರು ಹಾಕಲ್ಲ, ಬೆಡ್ ನಂಬರ್ ಮಾತ್ರ ಹಾಕ್ತೀವಿ. ಅಷ್ಟು ಸಾಕಾ, ಇಲ್ಲಾ ಬೇರೆ ಆ್ಯಪ್‌ಗೆ ಹೋಗಬೇಕಾ?

ನಾನು ಪಿಜಿ ಆಗಿದ್ದಾಗ ನಮ್ಮ ಯೂನಿಟ್‌ನಲ್ಲೂ ಇದೇ ನಿಯಮ ಇತ್ತು. ಅದನ್ನು ಮಾಡಿದ್ದೇ ನಾನು. "ಹೆಸರು ಬೇಡ, ಬೆಡ್ ನಂಬರ್ ಸಾಕು" ಅಂತ ಗ್ರೂಪ್‌ನ ವಿವರಣೆಯಲ್ಲೇ ಬರೆದಿದ್ದೆ. ಪೇಷೆಂಟ್ ಗುರುತು ಕಾಪಾಡಿದೆ ಅಂತ ನಂಬಿದ್ದೆ. ಆ ನಂಬಿಕೆಯಿಂದ ಒಂದೇ ರಾತ್ರಿ ಮೂರು ಜನರಿಗೆ ತೊಂದರೆ ಆಯಿತು.

ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆ. ನಮ್ಮ ಕನ್ಸಲ್ಟೆಂಟ್ ಸರ್ ಎರಡು ಕಡೆ ನೋಡುತ್ತಿದ್ದರು. ಸಂಜೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವಾಗ ಹೆಬ್ಬಾಳದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಗ್ರೂಪ್ ಬಿಟ್ಟು ಬೇರೆ ದಾರಿಯೇ ಇರುತ್ತಿರಲಿಲ್ಲ. ಅದಕ್ಕೇ ಈ ಗ್ರೂಪ್‌ಗಳು ಹುಟ್ಟಿರುವುದು. ಅವು ಬೇಡ ಅಂತ ನಾನು ಹೇಳುವುದಿಲ್ಲ.

ಆ ದಿನ ಬೆಡ್ 12ರಲ್ಲಿ ಕಿಡ್ನಿ ಹೋದ ಪೇಷೆಂಟ್ ಒಬ್ಬರಿದ್ದರು. ಮನೆಯಲ್ಲಿ ಮದುವೆ ಅಂತ ಡಯಾಲಿಸಿಸ್ ತಪ್ಪಿಸಿ ಬಂದಿದ್ದರು. ಪೊಟ್ಯಾಶಿಯಂ 6.9. ಇಸಿಜಿಯಲ್ಲಿ ಟಿ ಅಲೆಗಳು ಚೂಪಾಗಿ ಎದ್ದಿದ್ದವು. 10% ಕ್ಯಾಲ್ಸಿಯಂ ಗ್ಲುಕೊನೇಟ್ 10 ಎಂ.ಎಲ್ ಅನ್ನು ನಾನೇ ನಿಧಾನವಾಗಿ ಕೊಟ್ಟೆ. ಡಯಾಲಿಸಿಸ್‌ನವರಿಗೂ ಹೇಳಿದೆ. ಮುಂದಿನದು ಇನ್ಸುಲಿನ್ ಮತ್ತು ಡೆಕ್ಸ್ಟ್ರೋಸ್. ರೂಢಿಯ ಡೋಸ್ 10 ಯೂನಿಟ್. ಆದರೆ ಕಿಡ್ನಿ ಕೆಲಸ ಮಾಡದವರಲ್ಲಿ ಇನ್ಸುಲಿನ್ ದೇಹದಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ, ಶುಗರ್ ಇಳಿದುಬಿಡುತ್ತದೆ. ಅವರ ಶುಗರ್ ಆಗಲೇ 90ರ ಹತ್ತಿರ ಇತ್ತು. ಹಾಗಾಗಿ ಇಸಿಜಿಯಲ್ಲಿ ಹೆಸರು ಕತ್ತರಿಸಿ ಫೋಟೊ ಹಾಕಿ ಕೇಳಿದೆ: "ಬೆಡ್ 12, ಪೊಟ್ಯಾಶಿಯಂ 6.9. ಇನ್ಸುಲಿನ್ 5 ಕೊಡಲಾ, 10 ಕೊಡಲಾ ಸರ್?"

ಅಷ್ಟು ಬರೆದು ನಾನು ಕ್ಯಾಶುವಾಲ್ಟಿಗೆ ಓಡಿದೆ. ಬೆಡ್ 12ರಲ್ಲಿ ಮಾನಿಟರ್ ಇರಲಿಲ್ಲ. ಸಿಸ್ಟರ್ ಅವರನ್ನು ಬೆಡ್ 3ಕ್ಕೆ ಸಾಗಿಸಿದರು. ಅವರು ಮಾಡಿದ್ದು ಸರಿಯೇ. ಖಾಲಿಯಾದ 12ಕ್ಕೆ ನ್ಯುಮೋನಿಯಾದ ವಯಸ್ಸಾದ ಪೇಷೆಂಟ್ ಬಂದರು. ಮುಕ್ಕಾಲು ಗಂಟೆ ಆದ ಮೇಲೆ ಸರ್ ಉತ್ತರ ಬಂತು: "5 ಸಾಕು, 25% ಡೆಕ್ಸ್ಟ್ರೋಸ್ 100 ಎಂ.ಎಲ್ ಜೊತೆ. ಗಂಟೆಗೊಮ್ಮೆ ಶುಗರ್ ನೋಡಿ." ವಾರ್ಡ್‌ನಲ್ಲಿದ್ದ ಇಂಟರ್ನ್ ಓದಿದ. ಬೆಡ್ 12ಕ್ಕೆ ಹೋದ. ಕೊಟ್ಟ.

ಆ ಹುಡುಗನನ್ನು ನಾನು ಇವತ್ತಿಗೂ ದೂರುವುದಿಲ್ಲ. ಮೆಸೇಜ್‌ನಲ್ಲಿ ಇದ್ದದ್ದನ್ನೇ ಅವನು ಮಾಡಿದ. ಮೆಸೇಜ್‌ನಲ್ಲಿ ಇದ್ದದ್ದು ಒಂದು ಮಂಚದ ವಿಳಾಸ, ಮನುಷ್ಯನದಲ್ಲ. ಹೆಸರಿದ್ದರೆ ಕೈಪಟ್ಟಿ ನೋಡಿ ತಾಳೆ ಹಾಕಬಹುದಿತ್ತು. ನಾನು ಹೆಸರು ತೆಗೆದೆ, ಅದರ ಜಾಗದಲ್ಲಿ ತಾಳೆ ಹಾಕಲು ಏನನ್ನೂ ಇಡಲಿಲ್ಲ. ಮದ್ದು ಕೊಡುವ ಮುಂಚೆ ಎರಡು ಗುರುತು ನೋಡಬೇಕು, ಬೆಡ್ ನಂಬರನ್ನು ಗುರುತು ಅಂತ ಲೆಕ್ಕಕ್ಕೇ ಹಿಡಿಯಬಾರದು. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವವರ ಮೊದಲ ಪಾಠವೇ ಇದು. ವಾರ್ಡ್‌ನಲ್ಲಿ ಪಾಲಿಸುವ ಈ ನಿಯಮವನ್ನು ಫೋನ್ ಕೈಗೆ ಬಂದ ತಕ್ಷಣ ನಾವು ಮರೆಯುತ್ತೇವೆ.

ನ್ಯುಮೋನಿಯಾದ ಪೇಷೆಂಟ್ ಸರಿಯಾಗಿ ಊಟ ಮಾಡಿರಲಿಲ್ಲ. ಅವರ ಕೇಸ್ ಶೀಟ್‌ನಲ್ಲಿ ಆರ್ಡರ್ ಇರಲಿಲ್ಲ, ಹಾಗಾಗಿ ಗಂಟೆಗೊಮ್ಮೆ ಶುಗರ್ ನೋಡಬೇಕು ಅಂತ ಸಿಸ್ಟರ್‌ಗೆ ಗೊತ್ತೇ ಇರಲಿಲ್ಲ. ಡೆಕ್ಸ್ಟ್ರೋಸ್ ಬೇಗ ಕರಗುತ್ತದೆ, ಇನ್ಸುಲಿನ್ ಇನ್ನೂ ಕೆಲಸ ಮಾಡುತ್ತಿರುತ್ತದೆ. ರೌಂಡ್‌ಗೆ ಬಂದ ಸಿಸ್ಟರ್ ಅವರು ಬೆವರುವುದನ್ನು ಕಂಡು ನೋಡಿದಾಗ ಶುಗರ್ 52. ಇತ್ತ ಬೆಡ್ 3ರಲ್ಲಿದ್ದವರಿಗೆ ಇನ್ಸುಲಿನ್ ಸಿಕ್ಕಿರಲಿಲ್ಲ. ಕ್ಯಾಲ್ಸಿಯಂ ಹೃದಯವನ್ನು ಅರ್ಧ ಗಂಟೆಯಿಂದ ಒಂದು ಗಂಟೆ ಕಾಯುತ್ತದೆ, ಅಷ್ಟೇ. ಪೊಟ್ಯಾಶಿಯಂ ಇಳಿಸುವುದಿಲ್ಲ. ಮತ್ತೆ ನೋಡಿದಾಗ 7.1 ಆಗಿತ್ತು. ಡಯಾಲಿಸಿಸ್ ಸಿಕ್ಕಿ ಅವರು ಉಳಿದರು. ಇಬ್ಬರೂ ಮನೆಗೆ ಹೋದರು.

ಮನೆಗೆ ಹಾಗೆ ನೆಮ್ಮದಿಯಿಂದ ಹೋಗದವರು ಬೆಡ್ 9ರವರು. "ನಮ್ಮಪ್ಪಂಗೆ ಏನ್ ಕೊಟ್ರಿ ಡಾಕ್ಟ್ರೇ?" ಅಂತ ನ್ಯುಮೋನಿಯಾದವರ ಮಗಳು ಕೇಳಿದಾಗ, ಗಾಬರಿಯಲ್ಲಿದ್ದ ಇಂಟರ್ನ್ ತನ್ನ ಫೋನ್ ತೋರಿಸಿದ. ಸರ್ ಮೆಸೇಜ್‌ನ ಮೇಲೆ ಇನ್ನೊಂದು ಮೆಸೇಜ್ ಇತ್ತು: "ಬೆಡ್ 9 ಎಚ್‌ಐವಿ ರಿಯಾಕ್ಟಿವ್." ಅದರ ಕೆಳಗೆ ಯಾರೋ ಬರೆದದ್ದು: "ಆ ಅಟೆಂಡರ್‌ಗಳು ತಲೆ ತಿಂತಾರೆ, ಅವರಿಗೆ ನಾನು ಹೇಳಲ್ಲಪ್ಪ." ಅಲ್ಲಿ ಒಂದು ಹೆಸರೂ ಇರಲಿಲ್ಲ. ಆದರೆ ವಾರ್ಡ್‌ನಲ್ಲಿ ಬೆಡ್ 9 ಯಾರು ಅಂತ ಕಾಫಿ ತರುವವರಿಗೂ ಗೊತ್ತಿರುತ್ತದೆ. ಬೆಳಗ್ಗೆ ಹೊತ್ತಿಗೆ ಪಕ್ಕದ ಬೆಡ್‌ನವರು ಜಾಗ ಬದಲಿಸಿ ಅಂತ ಕೇಳತೊಡಗಿದರು. ಬೆಡ್ 9ರವರು ಸಹಿ ಹಾಕಿ ಚಿಕಿತ್ಸೆ ಅರ್ಧಕ್ಕೇ ಬಿಟ್ಟು ಹೊರಟುಹೋದರು. ಆಮೇಲೆ ಬಂದು ಮಾತ್ರೆ ಶುರು ಮಾಡಲಿಲ್ಲ. ನನ್ನ ಮೇಲೆ ನಡೆದ ವಿಚಾರಣೆಗಿಂತ, ಸರ್ ನನ್ನನ್ನು ನಂಬುವುದು ನಿಲ್ಲಿಸಿದ್ದಕ್ಕಿಂತ, ನನಗೆ ಇವತ್ತಿಗೂ ನೋವು ಕೊಡುವುದು ಅದು.

ಈಗ ನಿಮ್ಮ ವಿಷಯ. ಗುರುತು ಮುಚ್ಚಿದ್ದು ಸಾಕಾ ಅಂತ ಕೇಳುವ ಬದಲು, ಈ ಗ್ರೂಪ್‌ನವರಿಗೆ ಗುರುತು ಬೇಕಾ ಬೇಡವಾ ಅಂತ ಮೊದಲು ಕೇಳಿ. ಚಿಕಿತ್ಸೆ ಕೊಡುವ ಯೂನಿಟ್‌ಗೆ ಗುರುತು ಬೇಕೇ ಬೇಕು. ಹೊರಗಿನವರಿಗೆ ಚೂರೂ ಬೇಡ. ಎರಡಕ್ಕೂ ಒಂದೇ ಗ್ರೂಪ್, ಒಂದೇ ನಿಯಮ ಇಟ್ಟರೆ ಎರಡೂ ಕೆಡುತ್ತವೆ.

ಯೂನಿಟ್ ಗ್ರೂಪ್‌ನಲ್ಲಿ ಯುಎಚ್‌ಐಡಿಯ ಕೊನೆಯ ನಾಲ್ಕು ಅಂಕಿ, ಜೊತೆಗೆ ವಯಸ್ಸು ಮತ್ತು ಗಂಡು ಅಥವಾ ಹೆಣ್ಣು ಅಂತ ಹಾಕಿ. "4417, ಗಂಡು, 58. ಪೊಟ್ಯಾಶಿಯಂ 6.9, ಕ್ಯಾಲ್ಸಿಯಂ ಆಗಿದೆ. ಇನ್ಸುಲಿನ್ ಡೋಸ್ ಬಗ್ಗೆ ಕರೆ ಮಾಡಿ ಸರ್." ಬೆಡ್ ಬದಲಾದರೂ ಈ ಅಂಕಿ ಪೇಷೆಂಟ್ ಜೊತೆ ಹೋಗುತ್ತದೆ, ಕೈಪಟ್ಟಿಯಲ್ಲಿ ಇರುತ್ತದೆ. ಪಕ್ಕದ ಬೆಡ್‌ನ ಅಟೆಂಡರ್‌ಗೆ ಅದು ಏನೂ ಹೇಳುವುದಿಲ್ಲ. ನಾಲ್ಕು ಅಂಕಿ ಅಪರೂಪಕ್ಕೆ ಇಬ್ಬರಿಗೆ ಒಂದೇ ಬರಬಹುದು, ಅದಕ್ಕೇ ವಯಸ್ಸು ಬೇಕು. ಆದರೆ ಆಸ್ಪತ್ರೆಯ ಒಳಗಿನವರು ಅಂಕಿಯಿಂದ ಹೆಸರು ಹುಡುಕಬಹುದು. ಹಾಗಾಗಿ ಇದು ಚಿಕಿತ್ಸೆ ಕೊಡುವವರ ಗ್ರೂಪ್‌ಗೆ ಮಾತ್ರ.

ಆ ಮೆಸೇಜ್ ಕರೆ ಮಾಡಿ ಅಂತ ಮುಗಿಯುವುದನ್ನು ಗಮನಿಸಿದಿರಾ? ಡೋಸ್ ಗ್ರೂಪ್‌ನಲ್ಲಿ ಬರಲೇಬಾರದು. ಫೋನ್‌ನಲ್ಲಿ ಕೇಳಿ, ಕೇಳಿಸಿದ್ದನ್ನು ವಾಪಸ್ ಓದಿ ಹೇಳಿ, ಕೇಸ್ ಶೀಟ್‌ನಲ್ಲಿ ಬರೆಯಿರಿ. ಇಂಟರ್ನ್ ಕೇಸ್ ಶೀಟ್ ನೋಡಿ ಕೊಡಲಿ, ಫೋನ್ ನೋಡಿ ಅಲ್ಲ. ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಡಬೇಕು ಅಂತ 2002ರ ವೈದ್ಯಕೀಯ ನಡವಳಿಕೆ ನಿಯಮ ಹೇಳುತ್ತದೆ. ಆರ್ಡರ್ ಬರೀ ಗ್ರೂಪ್‌ನಲ್ಲಿದ್ದರೆ ಆ ದಾಖಲೆ ಅರ್ಧ ಖಾಲಿ.

ಎಚ್‌ಐವಿ, ಗರ್ಭಪಾತ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ. ಇವುಗಳ ಫಲಿತಾಂಶ, ವಿವರ ಯಾವ ಗ್ರೂಪ್‌ಗೂ ಬೇಡ. "4417 ರಿಪೋರ್ಟ್ ಬಂದಿದೆ, ಸಿಸ್ಟಂನಲ್ಲಿ ನೋಡಿ" ಅಂದರೆ ಸಾಕು. ಈ ಮೂರಕ್ಕೂ ಗುರುತು ಕಾಪಾಡುವ ಬೇರೆ ಬೇರೆ ಕಾನೂನುಗಳಿವೆ. ಎಚ್‌ಐವಿಯದು 2017ರದು. ಗರ್ಭಪಾತದ ಕಾನೂನಿನಲ್ಲಿ ಗುರುತು ಹೊರಗೆ ಬಿಟ್ಟರೆ ಒಂದು ವರ್ಷದವರೆಗೆ ಜೈಲಾಗಬಹುದು.

ಹೊರಗಿನವರ ಅಭಿಪ್ರಾಯ ಬೇಕಾದಾಗ, ಅಂದರೆ ಬ್ಯಾಚ್‌ಮೇಟ್ ಗ್ರೂಪ್‌ನಲ್ಲಿ ಅಥವಾ ಊರಿನ ಎಲ್ಲ ಫಿಸಿಶಿಯನ್‌ಗಳ ಗ್ರೂಪ್‌ನಲ್ಲಿ, ಯುಎಚ್‌ಐಡಿಯೂ ಬೇಡ, ತಾರೀಖೂ ಬೇಡ, ಬಡಾವಣೆ ಹೆಸರೂ ಬೇಡ. "ಮಲ್ಲೇಶ್ವರದ 34 ವರ್ಷದ ಡ್ಯಾನ್ಸ್ ಟೀಚರ್, ನಿನ್ನೆ ಫಿಟ್ಸ್ ಬಂದು ಅಡ್ಮಿಟ್" ಅಂದರೆ ಆ ಬಡಾವಣೆಯಲ್ಲಿ ಬೆಳೆದವರೊಬ್ಬರು ಗ್ರೂಪ್‌ನಲ್ಲಿದ್ದರೂ ಸಾಕು, ಹೆಸರು ಹೊರಗೆ ಬರುತ್ತದೆ. "ಮೂವತ್ತರ ಆಸುಪಾಸಿನ ಹೆಂಗಸು, ಮೊದಲ ಸಲ ಫಿಟ್ಸ್" ಅಂದರೂ ನಿಮಗೆ ಬೇಕಾದ ಉತ್ತರ ಸಿಗುತ್ತದೆ. ಕಾಯಿಲೆಗೆ ಸಂಬಂಧ ಇಲ್ಲದಿದ್ದರೆ ಕೆಲಸ ಏನು ಅಂತಲೂ ಹೇಳಬೇಡಿ. ಯಾರು ಏನೇ ಸಲಹೆ ಕೊಟ್ಟರೂ ನಿರ್ಧಾರದ ಹೊಣೆ ಚಿಕಿತ್ಸೆ ಕೊಡುವ ಡಾಕ್ಟರದ್ದೇ, 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಅದನ್ನೇ ಹೇಳುತ್ತದೆ.

ಫೋಟೊ ತೆಗೆಯುವ ಮುಂಚೆಯೇ ಇಸಿಜಿಯ ಮೇಲ್ತುದಿಗೆ ಬಿಳಿ ಕಾಗದ ಇಡಿ. ಎಕ್ಸ್‌ರೇ, ಸಿಟಿ ಪರದೆಯ ಮೂಲೆಗಳಲ್ಲೂ ಹೆಸರಿರುತ್ತದೆ. ಆಮೇಲೆ ಫೋನ್‌ನಲ್ಲಿ ಗೀಚಿದರೆ ಆಗುವುದಿಲ್ಲ, ಮೂಲ ಫೋಟೊ ಗ್ಯಾಲರಿಯಲ್ಲಿ ಹಾಗೇ ಇರುತ್ತದೆ. ಲ್ಯಾಬ್ ಪಿಡಿಎಫ್‌ನ ಫೈಲ್ ಹೆಸರಲ್ಲೇ ಎಷ್ಟೋ ಸಲ ಪೇಷೆಂಟ್ ಹೆಸರಿರುತ್ತದೆ. ಅದನ್ನು ಯಾರೂ ಗಮನಿಸುವುದಿಲ್ಲ.

ಆ್ಯಪ್ ಬದಲಿಸುವುದರಿಂದ ಇದರಲ್ಲಿ ಯಾವುದೂ ಸರಿಹೋಗುವುದಿಲ್ಲ. ವಾಟ್ಸಾಪ್ ಮೆಸೇಜ್ ದಾರಿಯಲ್ಲಿ ಸೋರುವುದಿಲ್ಲ, 2016ರಿಂದ ಅದು ಗೂಢಲಿಪಿಯಲ್ಲೇ ಹೋಗುತ್ತದೆ. ನಮ್ಮದು ಸೋರಿದ್ದು ಕೈಯಲ್ಲಿದ್ದ ಫೋನ್‌ನಿಂದ. ಆಸ್ಪತ್ರೆಯೇ ಒಂದು ಆ್ಯಪ್ ಕೊಟ್ಟರೆ ಖಂಡಿತ ಬಳಸಿ. ಅಲ್ಲಿಯವರೆಗೆ ಮೆಸೇಜ್‌ಗಳು 7 ದಿನಕ್ಕೆ ತಾವೇ ಅಳಿಯುವಂತೆ ಮಾಡಿ, ಫೋಟೊ ಗ್ಯಾಲರಿಗೆ ಇಳಿಯದಂತೆ ಆಫ್ ಮಾಡಿ. ಗ್ಯಾಲರಿಗೆ ಇಳಿದದ್ದು ಗೂಗಲ್ ಫೋಟೋಸ್‌ಗೆ ಹೋಗಿ, ಅಲ್ಲಿಂದ ಮನೆಯ ಟಿವಿವರೆಗೂ ಬರಬಹುದು.

ಇವತ್ತೇ ಗ್ರೂಪ್‌ನ ಸದಸ್ಯರ ಪಟ್ಟಿ ತೆರೆದು ನೋಡಿ. ಪೋಸ್ಟಿಂಗ್ ಮುಗಿಸಿ ಹೋದ ಇಂಟರ್ನ್‌ಗಳು, ಬೇರೆ ಆಸ್ಪತ್ರೆ ಸೇರಿದ ಸೀನಿಯರ್, ಯಾವಾಗಲೋ ಸ್ಯಾಂಪಲ್ ವಿಷಯಕ್ಕೆ ಸೇರಿಸಿದ ಮೆಡಿಕಲ್ ರೆಪ್ ಇನ್ನೂ ಅಲ್ಲೇ ಇರುತ್ತಾರೆ. ನೀವು ಅಡ್ಮಿನ್ ಅಲ್ಲದಿದ್ದರೆ ಯೂನಿಟ್ ಚೀಫ್‌ಗೆ ಪಟ್ಟಿ ತೋರಿಸಿ, ನಾಳೆ ರೌಂಡ್ಸ್ ಶುರುವಾಗುವ ಮುಂಚೆ ತೆಗೆಸಿ.